ಇಲ್ಲಿ ಬ್ಯಾಂಕಿಗೆ ದೂರು, ಊರಲ್ಲಿ ಬಾಗಿಲಿಂದಲೇ ವಾಪಸ್

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನನ್ನ ಗೆಳೆಯರೊಬ್ಬರು ಕೆಲಸದ ಜೊತೆಗೆ ಒಂದು ಆನ್‌ಲೈನ್ ಅಂಗಡಿ ನಡೆಸುತ್ತಾರೆ. ದಾವಣಗೆರೆಯಲ್ಲಿ ನನ್ನ ಅಕ್ಕನ ಮಗನೂ ಇನ್‌ಸ್ಟಾಗ್ರಾಮ್‌ನಲ್ಲಿ ಅದೇ ತರದ ವ್ಯಾಪಾರಕ್ಕೆ ಇಳಿದಿದ್ದಾನೆ. ಇಬ್ಬರ ಹತ್ತಿರವೂ ಗೋಡೌನ್ ಇಲ್ಲ. ಗೆಳೆಯರ ಮೇಜಿನ ದೀಪಗಳು ಚೀನಾದ ಯಿವು ಊರಿನಿಂದ ಹೊರಡುತ್ತವೆ, ಹುಡುಗನ ಕುರ್ತಿಗಳು ಸೂರತ್‌ನಿಂದ. ಇವರು ಆರ್ಡರ್ ತಗೊಳ್ತಾರೆ, ಮಾಲು ಇವರ ಕಣ್ಣಿಗೂ ಬೀಳದೆ ಸೀದಾ ಗಿರಾಕಿ ಮನೆಗೆ ಹೋಗುತ್ತದೆ. ಇದೇ ಡ್ರಾಪ್‌ಶಿಪ್ಪಿಂಗ್. ಇಬ್ಬರ ಲೆಕ್ಕವನ್ನೂ ಆಗಾಗ ನಾನೇ ನೋಡುವುದರಿಂದ ಒಂದು ವಿಷಯ ಹೇಳಬೇಕು ಅನಿಸಿದೆ. ಮಾಲು ತಡವಾಗುವುದು ಎರಡೂ ಕಡೆ ಒಂದೇ ತರ. ಆದರೆ ತಡವಾದ ಮೇಲೆ ದುಡ್ಡು ಸೋರುವ ಜಾಗ ಬೇರೆ. ಅದು ಗೊತ್ತಿಲ್ಲದೆ ಅಮೆರಿಕದ ಯೂಟ್ಯೂಬ್ ಪಾಠ ನೋಡಿ ದಾವಣಗೆರೆಯಲ್ಲಿ ಅಂಗಡಿ ತೆರೆದರೆ ಕಷ್ಟ.

ಮೊದಲು ಇಲ್ಲಿನ ಕಥೆ. ಅಮೆರಿಕದಲ್ಲಿ ಗಿರಾಕಿ ಮೊದಲೇ ಕಾರ್ಡ್‌ನಲ್ಲಿ ದುಡ್ಡು ಕೊಟ್ಟಿರುತ್ತಾನೆ. ಮಾಲು ಬರಲಿಲ್ಲ ಅಂದರೆ ಅವನು ಜಗಳಕ್ಕೆ ಬರುವುದಿಲ್ಲ. ಒಂದು ಮೇಲ್ ಹಾಕಿ ನೋಡುತ್ತಾನೆ, ಉತ್ತರ ಬರದಿದ್ದರೆ ಸೀದಾ ಬ್ಯಾಂಕಿಗೆ ಹೇಳುತ್ತಾನೆ. ಬ್ಯಾಂಕು ಅಂಗಡಿಯವನ ಖಾತೆಯಿಂದ ದುಡ್ಡು ಹಿಂದಕ್ಕೆ ಎಳೆಯುತ್ತದೆ. ಇದನ್ನು ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಪೇಪಾಲ್‌ನಲ್ಲಿ ಕೊಟ್ಟಿದ್ದರೆ 180 ದಿನದವರೆಗೂ ತಕರಾರು ತೆಗೆಯಬಹುದು. ಅಂದರೆ ಮಾರಿ, ಲಾಭ ಖರ್ಚು ಮಾಡಿ, ಮರೆತೂ ಬಿಟ್ಟ ಮೇಲೆ ಆ ಆರ್ಡರ್ ಎದ್ದು ಬರಬಹುದು.

ಒಂದು ದೀಪದ ಲೆಕ್ಕ ಹಾಕೋಣ. ಮಾರುವ ಬೆಲೆ 30 ಡಾಲರ್. ಮಾಲಿಗೆ 8, ಸಾಗಣೆಗೆ 5, ಜಾಹೀರಾತಿಗೆ 10 ಹೋಗುತ್ತದೆ ಅಂದುಕೊಳ್ಳಿ. ಕಾರ್ಡ್ ಕಮಿಷನ್ ಬಿಟ್ಟುಬಿಡೋಣ, ಉಳಿಯುವುದು 7. ಈಗ ಚಾರ್ಜ್‌ಬ್ಯಾಕ್ ಬಂತು. ಗಿರಾಕಿಯಿಂದ ಬಂದಿದ್ದ 30 ಡಾಲರ್ ಹಾಗೇ ವಾಪಸ್ ಹೋಯಿತು, ನೀವು ಖರ್ಚು ಮಾಡಿದ 23 ಹೋಯಿತು, ಮೇಲೆ ಪೇಮೆಂಟ್ ಕಂಪನಿಯವರ ದಂಡ ಸುಮಾರು 15. ಕೈಯಿಂದ ಹೋಗಿದ್ದು 38. ಐದಾರು ದೀಪ ಮಾರಿದ ಲಾಭ ಒಂದೇ ದೂರಿಗೆ ಸಮ. ಅದೇ ಗಿರಾಕಿಗೆ ನೀವೇ ಮುಂದಾಗಿ ರಿಫಂಡ್ ಕೊಟ್ಟಿದ್ದರೆ ನಷ್ಟ 23ಕ್ಕೆ ನಿಲ್ಲುತ್ತಿತ್ತು. ಮಾಲು ಹೊರಡುವ ಮೊದಲೇ "ತಡ ಆಗ್ತಿದೆ, ಬೇಡ ಅಂದ್ರೆ ಕ್ಯಾನ್ಸಲ್ ಮಾಡ್ತೀನಿ" ಅಂದಿದ್ದರೆ ಜಾಹೀರಾತಿನ 10 ಮಾತ್ರ. ದೂರು ಬೆಳೆದಷ್ಟೂ ಬೆಲೆ ಜಾಸ್ತಿ.

ದುಡ್ಡಿಗಿಂತ ದೊಡ್ಡ ಏಟು ಇನ್ನೊಂದಿದೆ. ಚಾರ್ಜ್‌ಬ್ಯಾಕ್ ಜಾಸ್ತಿ ಆದರೆ ಪೇಮೆಂಟ್ ಕಂಪನಿಯವರು ಉಳಿದ ಆರ್ಡರ್‌ಗಳ ದುಡ್ಡನ್ನೂ ತಡೆ ಹಿಡಿಯುತ್ತಾರೆ. ಆಗ ಸಪ್ಲೈಯರ್‌ಗೆ ಕೊಡಲು ಕಾಸಿಲ್ಲ, ಹಾಗಾಗಿ ಮುಂದಿನ ಆರ್ಡರ್‌ಗಳೂ ತಡ, ಮತ್ತೆ ದೂರು. ಚೆನ್ನಾಗಿ ನಡೆಯುತ್ತಿದ್ದ ಅಂಗಡಿಗಳು ಮುಚ್ಚುವುದು ಬಹುಪಾಲು ಹೀಗೆ.

ಇಷ್ಟಕ್ಕೆಲ್ಲ ಇಲ್ಲಿ ಕಾನೂನೂ ಇದೆ. ಫೆಡರಲ್ ಟ್ರೇಡ್ ಕಮಿಷನ್‌ನ ಮೇಲ್ ಆರ್ಡರ್ ನಿಯಮ 1975ರಷ್ಟು ಹಳೆಯದು, ಅಂಚೆಯಲ್ಲಿ ವಸ್ತು ತರಿಸುತ್ತಿದ್ದ ಕಾಲದ್ದು. ಈಗ ಇಂಟರ್ನೆಟ್ ಅಂಗಡಿಗೂ ಅನ್ವಯಿಸುತ್ತದೆ. ಅದು ಹೇಳುವುದು ಸರಳ. ಎಷ್ಟು ದಿನದಲ್ಲಿ ಕಳಿಸುತ್ತೀನಿ ಅಂತ ಅಂಗಡಿಯಲ್ಲಿ ಬರೆದಿದ್ದೀರೋ ಅಷ್ಟರೊಳಗೆ ಕಳಿಸಬೇಕು. ಏನೂ ಬರೆಯದಿದ್ದರೆ 30 ದಿನ. ಆಗಲ್ಲ ಅಂತ ಗೊತ್ತಾದ ಕೂಡಲೇ ಗಿರಾಕಿಗೆ ಹೊಸ ತಾರೀಕು ತಿಳಿಸಿ, ಕಾಯ್ತೀರಾ, ದುಡ್ಡು ವಾಪಸ್ ಬೇಕಾ ಅಂತ ಕೇಳಬೇಕು. ಮೊದಲ ಸಲದ ತಡ 30 ದಿನದ ಒಳಗಿದ್ದರೆ ಗಿರಾಕಿಯ ಮೌನವನ್ನು ಒಪ್ಪಿಗೆ ಅಂತ ತಿಳಿಯಬಹುದು. ಎರಡನೇ ಸಲವೂ ತಡವಾದರೆ ಮೌನ ಸಾಲದು. ಅವನು ಬಾಯಿಬಿಟ್ಟು ಕಾಯ್ತೀನಿ ಅನ್ನದಿದ್ದರೆ ರಿಫಂಡ್ ಕೊಡಲೇಬೇಕು. "ಮಾಲು ನನ್ನದಲ್ಲ, ಕಳಿಸೋನು ಸಪ್ಲೈಯರ್" ಅನ್ನುವ ನೆಪ ನಡೆಯುವುದಿಲ್ಲ. ದುಡ್ಡು ತಗೊಂಡವನೇ ಹೊಣೆ. ಫ್ಯಾಷನ್ ನೋವಾ ಅನ್ನುವ ದೊಡ್ಡ ಬಟ್ಟೆ ಕಂಪನಿ 2020ರಲ್ಲಿ ಈ ನಿಯಮದ ಪ್ರಕರಣದಲ್ಲಿ 93 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅವರ ಮೇಲಿದ್ದ ಆರೋಪಗಳಲ್ಲಿ ಒಂದು, ಕಳಿಸಲಾಗದ ಮಾಲಿಗೆ ದುಡ್ಡಿನ ಬದಲು ಗಿಫ್ಟ್ ಕಾರ್ಡ್ ಕೊಟ್ಟಿದ್ದು. ಊರಿನ ಇನ್‌ಸ್ಟಾ ಅಂಗಡಿಗಳಲ್ಲಿ "ರಿಫಂಡ್ ಇಲ್ಲ, ಕ್ರೆಡಿಟ್ ನೋಟ್ ಕೊಡ್ತೀವಿ" ಅನ್ನುವುದು ಮಾಮೂಲು, ಅಲ್ವಾ?

ಈಗ ದಾವಣಗೆರೆಗೆ ಬನ್ನಿ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಗಿರಾಕಿಗಳು ನಮ್ಮ ಹುಡುಗನ ಹತ್ತಿರ ಕ್ಯಾಶ್ ಆನ್ ಡೆಲಿವರಿಯನ್ನೇ ಕೇಳುತ್ತಾರೆ. ದುಡ್ಡು ಕೊನೆಗೆ ಬರುವುದು. ಹಾಗಾಗಿ ಬ್ಯಾಂಕಿಗೆ ದೂರು ಹೋಗುವ ಪ್ರಶ್ನೆಯೇ ಕಡಿಮೆ. ತಡವಾದರೆ ಗಿರಾಕಿ ಏನೂ ಹೇಳುವುದಿಲ್ಲ. ಅಷ್ಟರಲ್ಲಿ ಬೇರೆ ಕಡೆ ಕೊಂಡಿರುತ್ತಾರೆ. ಕೊರಿಯರ್ ಹುಡುಗ ಬಾಗಿಲಿಗೆ ಬಂದಾಗ "ಬೇಡಪ್ಪ, ತಗೊಂಡು ಹೋಗು" ಅಂದರೆ ಮುಗಿಯಿತು. ವ್ಯಾಪಾರಿಗಳು ಇದನ್ನು ಆರ್‌ಟಿಒ, ಅಂದರೆ ರಿಟರ್ನ್ ಟು ಒರಿಜಿನ್ ಅನ್ನುತ್ತಾರೆ. 799 ರೂಪಾಯಿಯ ಕುರ್ತಿ, ಮಾಲಿಗೆ 350, ಕೊರಿಯರ್‌ಗೆ 80, ಜಾಹೀರಾತಿಗೆ 200 ಅಂತಿಟ್ಟುಕೊಳ್ಳಿ. ಲಾಭ 169. ವಾಪಸ್ ಬಂದರೆ ಹೋಗುವ 80, ಬರುವ 70, ಜಾಹೀರಾತಿನ 200, ಒಟ್ಟು 350 ಕೈಬಿಟ್ಟಿತು. ಸಪ್ಲೈಯರ್ ಕುರ್ತಿ ವಾಪಸ್ ತಗೊಳ್ಳದಿದ್ದರೆ ಅದರ 350ಯೂ ಸೇರುತ್ತದೆ. ಊರಲ್ಲಿ ದೂರೇ ಬರುವುದಿಲ್ಲ ಅನ್ನುವುದೇ ತೊಂದರೆ. ಇನ್‌ಬಾಕ್ಸ್ ಖಾಲಿ ಇದೆ, ಎಲ್ಲ ಚೆನ್ನಾಗಿದೆ ಅಂತ ಹೊಸಬರು ಅಂದುಕೊಂಡಿರುತ್ತಾರೆ. ತಿಂಗಳ ಕೊನೆಗೆ ಕೊರಿಯರ್ ಬಿಲ್ ನೋಡಿದಾಗ ಗೊತ್ತಾಗುವುದು.

ಊರಿನಲ್ಲಿ ಕಾನೂನಿಲ್ಲ ಅಂತಲ್ಲ. 2020ರ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ಗಿರಾಕಿ 1915ಕ್ಕೆ ಫೋನ್ ಮಾಡಬಹುದು. ಇದೆಲ್ಲ ತಡವಾದ ಮೇಲಿನ ಮಾತು. ತಡ ಆಗುವ ಮೊದಲೇ ಗಿರಾಕಿಯನ್ನು ಕೇಳು ಅನ್ನುವ ಅಮೆರಿಕದ ಹೆಜ್ಜೆಯೇ ನನಗೆ ಇಷ್ಟವಾದದ್ದು. ಅದನ್ನು ಯಾರ ಅಪ್ಪಣೆಯೂ ಇಲ್ಲದೆ ದಾವಣಗೆರೆಯಲ್ಲಿ ಮಾಡಬಹುದು.

ಆದರೆ ತಡ ಆಗುತ್ತದೆ ಅಂತ ಮೊದಲೇ ಗೊತ್ತಾಗುವುದು ಹೇಗೆ? ಸಪ್ಲೈಯರ್ ನಿಜ ಹೇಳುವುದಿಲ್ಲ. ಸ್ಟಾಕ್ ಇಲ್ಲದಿದ್ದರೂ ಅವನು ಲೇಬಲ್ ಪ್ರಿಂಟ್ ಮಾಡಿ ಟ್ರ್ಯಾಕಿಂಗ್ ನಂಬರ್ ಕೊಟ್ಟುಬಿಡುತ್ತಾನೆ. ನಂಬರ್ ಬಂತು, ಮಾಲು ಹೊರಟಿತು ಅಂತ ನಾವು ತಿಳಿಯುತ್ತೇವೆ. ನೋಡಬೇಕಾದದ್ದು ನಂಬರ್ ಅಲ್ಲ, ಕೊರಿಯರ್‌ನವರ ಮೊದಲ ಸ್ಕ್ಯಾನ್. ಲೇಬಲ್ ಆಗಿ ಮೂರು ದಿನವಾದರೂ ಪಿಕಪ್ ಸ್ಕ್ಯಾನ್ ಇಲ್ಲ ಅಂದರೆ ಮಾಲು ಇನ್ನೂ ಅವನ ಅಂಗಡಿಯಲ್ಲೇ ಇದೆ, ಅಥವಾ ಎಲ್ಲೂ ಇಲ್ಲ. ಒಂದೇ ಡಿಸೈನ್‌ನ ನಾಲ್ಕೈದು ಆರ್ಡರ್ ಹೀಗೇ ನಿಂತಿದ್ದರೆ ಸ್ಟಾಕ್ ಮುಗಿದಿದೆ ಅಂತಲೇ ಅರ್ಥ. ಆಗ ಆ ಡಿಸೈನ್‌ನ ಜಾಹೀರಾತು ಮೊದಲು ನಿಲ್ಲಿಸಬೇಕು, ಸಪ್ಲೈಯರ್ ಜೊತೆ ಜಗಳ ಆಮೇಲೆ. ದೀಪಾವಳಿ ಆಸುಪಾಸಿನಲ್ಲಿ ಸೂರತ್ ಮಾರ್ಕೆಟ್ ಬಾಗಿಲು ಹಾಕುತ್ತದೆ, ಚೀನಾದ ಹೊಸ ವರ್ಷಕ್ಕೆ ಅಲ್ಲಿನ ಕಾರ್ಖಾನೆಗಳು ವಾರಗಟ್ಟಲೆ ನಿಲ್ಲುತ್ತವೆ. ಇವು ತಾರೀಕು ನೋಡಿಯೇ ಹೇಳಬಹುದಾದ ತಡ. ಕೆಲವಕ್ಕೆ ಸೂಚನೆಯೂ ಕಡಿಮೆ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಅಮೆರಿಕದಲ್ಲಿ ಸುಂಕ ಇರಲಿಲ್ಲ. ಆ ರಿಯಾಯಿತಿ 2025ರ ಮೇ 2ರಿಂದ ಚೀನಾದ ಮಾಲಿಗೆ, ಆಗಸ್ಟ್ 29ರಿಂದ ಎಲ್ಲ ದೇಶದ ಮಾಲಿಗೂ ಹೋಯಿತು. ಗೆಳೆಯರ ದೀಪಗಳ ಬೆಲೆ, ದಿನ ಎರಡೂ ಆವತ್ತಿನಿಂದ ಬದಲಾದವು.

ನಮ್ಮ ಹುಡುಗನಿಗೆ ನಾನು ಹೇಳಿಕೊಟ್ಟಿದ್ದು ಈ ಮೂರನೇ ದಿನದ ಲೆಕ್ಕ. ಪಿಕಪ್ ಸ್ಕ್ಯಾನ್ ಆಗದ ಆರ್ಡರ್‌ಗೆ ಅವನು ಅವತ್ತೇ ವಾಟ್ಸಾಪ್ ಕಳಿಸುತ್ತಾನೆ: "ಮೇಡಂ, ನೀವು ಆರ್ಡರ್ ಮಾಡಿದ ಹಸಿರು ಕುರ್ತಿ ಇನ್ನೂ ಸೂರತ್‌ನಿಂದ ಹೊರಟಿಲ್ಲ. 18ನೇ ತಾರೀಕಿನೊಳಗೆ ಹೊರಡುತ್ತೆ, 24ರೊಳಗೆ ನಿಮ್ಮ ಮನೆಗೆ ಬರುತ್ತೆ. ಕಾಯೋದಾದ್ರೆ 1 ಅಂತ ಕಳಿಸಿ, ಬೇಡ ಅಂದ್ರೆ 2. ಉತ್ತರ ಬರದಿದ್ರೆ ನಾನೇ ಕ್ಯಾನ್ಸಲ್ ಮಾಡ್ತೀನಿ." ಕೊನೆಯ ಸಾಲು ಅಮೆರಿಕದ ನಿಯಮಕ್ಕಿಂತ ಬಿಗಿ. ಬೇಕು ಅಂತಲೇ ಹಾಗಿಟ್ಟಿದ್ದೇವೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ಮೌನ ಅಂದರೆ ಒಪ್ಪಿಗೆಯಲ್ಲ, ಬಾಗಿಲಿಂದ ವಾಪಸ್. ಮೊದಲೇ ದುಡ್ಡು ಕೊಟ್ಟವರಿಗೆ ಈ ಸಾಲು ಬದಲಾಗುತ್ತದೆ, "ದುಡ್ಡು ಇಂತಾ ದಿನದೊಳಗೆ ನಿಮ್ಮ ಖಾತೆಗೆ" ಅಂತ. "ಕ್ಷಮಿಸಿ, ನಮ್ಮ ಸಪ್ಲೈಯರ್ ಮೋಸ ಮಾಡಿದ" ಅಂತ ಬರೆಯಬೇಡ ಅಂದಿದ್ದೇನೆ. ಗಿರಾಕಿಗೆ ಸಪ್ಲೈಯರ್ ಯಾರೋ ಏನೋ, ಅವರಿಗೆ ಬೇಕಿರುವುದು ತಾರೀಕು.

ಊರಿನವರಿಂದ ಇಲ್ಲಿಯವರು ಕಲಿಯಬೇಕಾದದ್ದೂ ಇದೆ. ಎಡಿಸನ್‌ನ ಗೆಳೆಯರು ಬರೆಯುವುದು ಅಚ್ಚಿನಿಂದ ಬಂದಂತಹ ಮೇಲ್. ಅರ್ಧ ಜನ ತೆರೆಯುವುದೇ ಇಲ್ಲ. ನಮ್ಮ ಹುಡುಗ ಫೋನ್ ಮಾಡಿ "ಅಕ್ಕಾ, ಮದುವೆಗಾ ಇದು? ಯಾವತ್ತು ಮದುವೆ?" ಅಂತ ಕೇಳುತ್ತಾನೆ. ಮದುವೆ 20ಕ್ಕೆ ಅಂದರೆ ಅಲ್ಲೇ ಕ್ಯಾನ್ಸಲ್. ಕೊರಿಯರ್‌ನವರು ಹೋಗದೆಯೇ "ಗಿರಾಕಿ ಸಿಗಲಿಲ್ಲ" ಅಂತ ಬರೆದುಬಿಟ್ಟರೆ ಅದೂ ಈ ಫೋನ್‌ನಲ್ಲೇ ಬಯಲಾಗುತ್ತದೆ. ಅವತ್ತೇ ಮತ್ತೊಮ್ಮೆ ಹೋಗಲು ಹೇಳಿದರೆ ಮಾಲು ಉಳಿಯುತ್ತದೆ, ಎರಡು ದಿನ ಬಿಟ್ಟರೆ ಸೂರತ್‌ಗೆ ಹೊರಟಿರುತ್ತದೆ.

ಬಣ್ಣ ಬೇರೆ ಬಂತು, ಹೊಲಿಗೆ ಬಿಚ್ಚಿದೆ ಅನ್ನುವ ದೂರುಗಳಿಗೆ ಮಾತ್ರ ಎರಡೂ ಕಡೆ ಒಂದೇ ದಾರಿ. ಗಿರಾಕಿಯಿಂದ ಫೋಟೋ ತರಿಸಿಕೊಂಡು ಅವರ ದುಡ್ಡು ಮೊದಲು ಕೊಟ್ಟುಬಿಡುವುದು, ಸಪ್ಲೈಯರ್‌ನಿಂದ ವಸೂಲಿ ನಮ್ಮ ತಲೆನೋವು. ಆ ವಸೂಲಿಗೂ ಗಡುವು ಇರುತ್ತದೆ. ಸಪ್ಲೈಯರ್ ಎಷ್ಟು ದಿನದೊಳಗೆ ದೂರು ಒಪ್ಪುತ್ತಾನೆ, ಪೊಟ್ಟಣ ಬಿಚ್ಚುವ ವಿಡಿಯೋ ಕೇಳುತ್ತಾನಾ, ವಾಪಸ್ ಮಾಲಿನ ಕೊರಿಯರ್ ಯಾರು ಕೊಡುತ್ತಾರೆ ಅನ್ನುವುದನ್ನು ಮೊದಲ ಆರ್ಡರ್‌ಗೂ ಮುಂಚೆ ಬರಹದಲ್ಲಿ ತಗೊಳ್ಳಬೇಕು. ಜೊತೆಗೆ ಬೇರೆ ಹೆಸರಿನಲ್ಲಿ, ಬೇರೆ ವಿಳಾಸಕ್ಕೆ ಆಗಾಗ ಒಂದೊಂದು ತರಿಸಿ ನೋಡುತ್ತಿರಬೇಕು. ಸ್ಯಾಂಪಲ್‌ನಲ್ಲಿ ಒಳ್ಳೆ ಬಟ್ಟೆ ಕಳಿಸಿ ಆಮೇಲೆ ತೆಳು ಮಾಡುವವರು ಸಿಕ್ಕಿಬೀಳುವುದು ಹೀಗೆ ಮಾತ್ರ. ಅಕ್ಕನ ಮನೆಗೆ ಮೊನ್ನೆ ಹಾಗೇ ತರಿಸಿದ ಕುರ್ತಿ ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತು. ಆ ಡಿಸೈನ್ ಈಗ ಅಂಗಡಿಯಲ್ಲಿಲ್ಲ.