ಆರು ನಿಮಿಷದ ವಾಯ್ಸ್ ಮೆಸೇಜ್ ಮತ್ತು ನಮ್ಮ ಮರ್ಯಾದೆ

ಉದ್ದನೆಯ ವಾಯ್ಸ್ ಮೆಸೇಜ್ ಬಗ್ಗೆ ಓಡಾಡುವ ಮೀಮ್‌ಗಳನ್ನು ನೀವೂ ನೋಡಿರುತ್ತೀರಿ. ಪರದೆಯ ಮೇಲೆ ಮೈಕು, ಪಕ್ಕದಲ್ಲಿ 7:43 ಎಂಬ ಅಂಕಿ, ಕೆಳಗೆ ಹೆದರಿ ಬೆವರುತ್ತಿರುವ ಮುಖ. ಇನ್ನೊಂದರಲ್ಲಿ ಗೆಳತಿಯ ಸಂದೇಶವನ್ನು ಪಾಡ್‌ಕಾಸ್ಟ್‌ನ ಹೊಸ ಕಂತು ಎಂದು ಕರೆದಿರುತ್ತಾರೆ. ಇದು ನಮ್ಮಲ್ಲಷ್ಟೇ ಇರುವ ಗೋಳಲ್ಲ. ಚೀನಾದ ವೀಚಾಟ್‌ನಲ್ಲಿ ಒಂದು ಧ್ವನಿ ಸಂದೇಶಕ್ಕೆ 60 ಸೆಕೆಂಡಿನ ಮಿತಿಯಿದೆ. ಹೇಳುವುದು ಮುಗಿಯದವರು ಒಂದರ ಹಿಂದೊಂದು ಅರವತ್ತು ಸೆಕೆಂಡಿನವನ್ನು ಕಳಿಸುತ್ತಾರೆ. ಸಾಲಾಗಿ ನಿಂತ ಆ ಪಟ್ಟಿಗಳೇ ಅಲ್ಲಿ ಮೀಮ್ ಆಗಿವೆ.

ಈ ಭಯ ನಿಜವಾದದ್ದು ಎಂದು ನಾನು ನಂಬುತ್ತೇನೆ. ಆದರೆ ಅದು ಹಲವು ಸಲ ತಪ್ಪು ಜನರ ಮೇಲೆ ತಿರುಗುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಭಯ ಏಕೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಬರೆದ ಸಂದೇಶ ಎಷ್ಟೇ ಉದ್ದವಿರಲಿ, ಕಣ್ಣು ಅದರ ಮೇಲೆ ಒಮ್ಮೆ ಹರಿದರೆ ವಿಷಯ ಸಾವಿನದೋ, ಸಾಲದ್ದೋ, ಸುಮ್ಮನೆ ಕುಶಲೋಪರಿಯೋ ಎಂದು ತಿಳಿಯುತ್ತದೆ. ಧ್ವನಿ ಸಂದೇಶದಲ್ಲಿ ಹೊರಗೆ ಕಾಣುವುದು ಅದರ ಉದ್ದ ಮಾತ್ರ. ಒಳಗೆ ಏನಿದೆ ಎಂದು ತಿಳಿಯಲು ಪೂರ್ತಿ ಕೇಳಬೇಕು. ಕೇಳಲು ಇಯರ್‌ಫೋನ್ ಬೇಕು, ಇಲ್ಲವೇ ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕು. ಬಸ್ಸಿನಲ್ಲಿ ಕೈ ಸ್ವಲ್ಪ ಸರಿದು ಫೋನು ಕಿವಿಯಿಂದ ದೂರವಾದರೆ ಸ್ಪೀಕರ್ ಶುರುವಾಗಿ ಮನೆಯ ಜಗಳ ಅಕ್ಕಪಕ್ಕದವರಿಗೆಲ್ಲ ಕೇಳುತ್ತದೆ. ನಾಳೆ ಅದರಲ್ಲಿನ ಒಂದು ಹೆಸರನ್ನು ಹುಡುಕಬೇಕಾದರೆ ಹುಡುಕಾಟದ ಪೆಟ್ಟಿಗೆಯಿಂದ ಪ್ರಯೋಜನವಿಲ್ಲ.

ಇನ್ನೊಂದು ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಓದಿದ್ದನ್ನು ತೋರಿಸುವ ನೀಲಿ ಗುರುತನ್ನು ನಾವು ಆಫ್ ಮಾಡಿಟ್ಟುಕೊಳ್ಳಬಹುದು. ಆದರೆ ವಾಯ್ಸ್ ಮೆಸೇಜ್ ಕೇಳಿದೆವು ಎಂಬ ಗುರುತನ್ನು ಆಫ್ ಮಾಡಲು ಬರುವುದಿಲ್ಲ. ಕೇಳಿದ ಕೂಡಲೇ ಕಳಿಸಿದವರ ಪರದೆಯಲ್ಲಿ ಮೈಕು ನೀಲಿಯಾಗುತ್ತದೆ, ಉತ್ತರ ಕೊಡುವ ಹೊಣೆ ನಮ್ಮ ಹೆಗಲೇರುತ್ತದೆ. ‘ಕೇಳಿಯೂ ಸುಮ್ಮನಿದ್ದೀಯಲ್ಲ’ ಎನಿಸಿಕೊಳ್ಳುವುದಕ್ಕಿಂತ ಕೇಳದೆಯೇ ಇಡುವುದು ಮೇಲು ಎಂದು ಹಲವರು ಮುಂದೂಡುತ್ತಾರೆ. ಮೀಮ್‌ಗಳಲ್ಲಿನ ಹೆದರಿದ ಮುಖದ ಹಿಂದೆ ಸೋಮಾರಿತನಕ್ಕಿಂತ ಈ ಇಕ್ಕಟ್ಟೇ ಹೆಚ್ಚು.

ಕಳಿಸುವವರಿಗೆ ಮಾತ್ರ ಇದು ಸಲೀಸು. 2016ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮತ್ತು ಮ್ಯಾಂಡರಿನ್‌ನಲ್ಲಿ ಪರೀಕ್ಷಿಸಿದಾಗ, ಫೋನಿನಲ್ಲಿ ಬೆರಳಿನಿಂದ ಒತ್ತುವುದಕ್ಕಿಂತ ಹೇಳಿ ಬರೆಸುವುದು ಸುಮಾರು ಮೂರು ಪಟ್ಟು ವೇಗ ಎಂದು ಕಂಡಿತ್ತು. ಹಾಗೆ ಉಳಿಯುವ ಸಮಯ ಹೇಳುವವರದ್ದು. ವಾಯ್ಸ್ ಮೆಸೇಜ್‌ನಲ್ಲಿ ಕೇಳುವವರ ಸಮಯ ಉಳಿಯುವುದಿಲ್ಲ. ತಡವರಿಕೆ, ಕೆಮ್ಮು, ‘ಅದೇನೋ ಹೇಳಬೇಕೆಂದಿದ್ದೆ’ ಎಲ್ಲವನ್ನೂ ದಾಟಿಕೊಂಡು ಅವರು ಬರಬೇಕು.

ನಮ್ಮ ಬಂಧುಗಳ ಗುಂಪಿನಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಚಿಕ್ಕಪ್ಪನ ಮಗ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಕರೆಯಲು ಆರು ನಿಮಿಷದ ವಾಯ್ಸ್ ಮೆಸೇಜ್ ಹಾಕಿದ. ಮೊದಲಿಗೆ ಎಲ್ಲರ ಆರೋಗ್ಯ ವಿಚಾರಿಸಿದ. ಆಮೇಲೆ ಕಂಟ್ರಾಕ್ಟರ್ ಕೊಟ್ಟ ಕಾಟ. ಹಿಂದೆ ಕುಕ್ಕರ್ ಕೂಗಿತು, ‘ಒಂದು ನಿಮಿಷ ತಾಳಿ’ ಎಂದು ಎದ್ದು ಹೋಗಿ ಬಂದ. ಅರ್ಧ ದಾಟಿದ ಮೇಲೆ ‘ಹದಿನಾಲ್ಕನೇ ತಾರೀಕು ಇಟ್ಟುಕೊಂಡಿದ್ದೇವೆ’ ಎಂಬ ಮಾತು ಬಂತು. ನಂತರ ಊಟದ ವ್ಯವಸ್ಥೆ, ವಾಹನ ನಿಲ್ಲಿಸುವ ಜಾಗ. ಇನ್ನೇನು ಮುಗಿಯಿತು ಎನ್ನುವಾಗ, ‘ಅಯ್ಯೋ, ಹದಿನಾಲ್ಕಲ್ಲ, ಪುರೋಹಿತರು ಹದಿನೈದು ಅಂದಿದ್ದಾರೆ.’ ದಿನಾಂಕ ಸಿಕ್ಕಿತಲ್ಲ ಎಂದು ಅರ್ಧಕ್ಕೇ ನಿಲ್ಲಿಸಿದ್ದ ದೊಡ್ಡಪ್ಪ ಹದಿನಾಲ್ಕಕ್ಕೆ ರಜೆ ಹಾಕಿ, ಹಿಂದಿನ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದರು. ಹೊರಡುವ ದಿನ ಅತ್ತಿಗೆ ಫೋನ್ ಮಾಡದಿದ್ದರೆ ಒಂದು ದಿನ ಮೊದಲೇ ಹೋಗಿ ಬೀಗ ಹಾಕಿದ ಮನೆಯ ಮುಂದೆ ನಿಲ್ಲುತ್ತಿದ್ದರು.

ಈ ತಮ್ಮ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವನು. ಕನ್ನಡ, ಇಂಗ್ಲಿಷ್ ಎರಡನ್ನೂ ಸರಾಗವಾಗಿ ಟೈಪ್ ಮಾಡುತ್ತಾನೆ. ಅವನು ಮಾತಿನಲ್ಲೇ ಕಳಿಸಿದ್ದು ತನ್ನ ಅನುಕೂಲಕ್ಕೆ. ಗುಂಪಿನಲ್ಲಿದ್ದ ನಲವತ್ತು ಜನರಲ್ಲಿ ಒಬ್ಬೊಬ್ಬರೂ ಆರಾರು ನಿಮಿಷ ಕೊಟ್ಟರೆ ನಾಲ್ಕು ಗಂಟೆಯಾಯಿತು. ಮೀಮ್ ಚುಚ್ಚಬೇಕಾದದ್ದು ಇಂಥವರನ್ನು. ಕೈಕೆಳಗಿನವರಿಗೆ ರಾತ್ರಿ ಒಂಬತ್ತಕ್ಕೆ ನಾಳೆಯ ಕೆಲಸಗಳನ್ನೆಲ್ಲ ಬಾಯಲ್ಲಿ ಒದರಿ ಕಳಿಸುವ ಮೇಲಧಿಕಾರಿಗಳನ್ನಂತೂ ಇನ್ನಷ್ಟು ಚುಚ್ಚಲಿ. ಅಲ್ಲಿ ಕೇಳದೆ ಬಿಡುವ ಸ್ವಾತಂತ್ರ್ಯವೂ ಇಲ್ಲ.

ಆದರೆ ಮೀಮ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಅಮ್ಮ, ಅತ್ತೆ, ಅಜ್ಜಿಯರು. ಇಲ್ಲಿ ನನಗೆ ಸಿಟ್ಟು ಬರುತ್ತದೆ.

ತೀರ್ಥಹಳ್ಳಿಯ ಕಡೆಯ ಹಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದಾರೆ. ಇನ್‌ಲ್ಯಾಂಡ್ ಪತ್ರದ ಮೂರೂ ಮಗ್ಗುಲನ್ನು ದುಂಡಗಿನ ಅಕ್ಷರದಲ್ಲಿ ತುಂಬಿಸುತ್ತಿದ್ದವರು. ಫೋನಿನ ಕೀಲಿಮಣೆ ಅವರ ಕೈಗೆ ಹತ್ತಲಿಲ್ಲ. ‘ಅಜ್ಜಿ’ ಎಂದು ಬರೆಯಲು ಅ ಒತ್ತಿ, ಜ ಒತ್ತಿ, ಅರ್ಧಾಕ್ಷರದ ಚಿಹ್ನೆ ಹುಡುಕಿ, ಮತ್ತೆ ಜ ಒತ್ತಿ, ಗುಡಿಸು ಕೊಡಬೇಕು. ನಾವು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಹೊಡೆದು ಪಾರಾಗುತ್ತೇವೆ. ಅವರಿಗೆ ಆ ದಾರಿಯೂ ಇಲ್ಲ. 2013ರಲ್ಲಿ ವಾಟ್ಸ್‌ಆ್ಯಪ್‌ಗೆ ಬಂದ ಮೈಕಿನ ಗುಂಡಿಯೇ ಅವರನ್ನು ಮತ್ತೆ ಪತ್ರ ಬರೆಯುವವರನ್ನಾಗಿ ಮಾಡಿದ್ದು. ಅವರ ಸಂದೇಶದಲ್ಲಿ ಅಡಿಕೆ ಸುಲಿಯುವವರ ಮಾತು, ಮಳೆ ನಿಂತಿತೋ ಇಲ್ಲವೋ ಎಂಬ ವರದಿ, ಮಂಡಿನೋವಿನ ಸಮಾಚಾರ ಎಲ್ಲ ಇರುತ್ತದೆ. ‘ನಿಧಾನಕ್ಕೆ ಕೇಳು ಮಗಾ, ಅರ್ಜೆಂಟಿಲ್ಲ’ ಎಂದು ಅವರೇ ಮೊದಲಿಗೆ ಹೇಳಿಬಿಡುತ್ತಾರೆ. ಒಂದೇ ವಾಕ್ಯದಲ್ಲಿ ಅವರು ತೋರಿಸುವ ಮರ್ಯಾದೆ ನನ್ನ ತಮ್ಮನ ಆರು ನಿಮಿಷದಲ್ಲಿ ಇರಲಿಲ್ಲ.

ತಂತ್ರಜ್ಞಾನ ಕೊಟ್ಟ ಪರಿಹಾರಗಳು ಅರ್ಧಂಬರ್ಧ. ವಾಟ್ಸ್‌ಆ್ಯಪ್‌ನಲ್ಲಿ 2021ರಲ್ಲಿ ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಸೌಲಭ್ಯ ಬಂತು. ನಿಧಾನವಾಗಿ ಮಾತಾಡುವವರಿಗೆ ಒಂದೂವರೆ ಒಗ್ಗುತ್ತದೆ. ಗಡಿಬಿಡಿಯಲ್ಲಿ ಮಾತಾಡುವವರದ್ದು ಎರಡರಲ್ಲಿ ಅರ್ಥವೇ ಆಗದು. 2024ರ ಕೊನೆಗೆ ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯವನ್ನೂ ಪ್ರಕಟಿಸಿದರು. ಅದು ಬಂದದ್ದು ಕೆಲವೇ ಭಾಷೆಗಳಿಗೆ. ಕಿವಿ ಮಂದವಾದವರಿಗಂತೂ ವೇಗದ ಗುಂಡಿಯಿಂದ ಏನೂ ಸಿಗದು. ಗುಂಪಿನಲ್ಲಿ ಅಂಥವರು ಒಬ್ಬರಿದ್ದರೂ ಮುಖ್ಯ ವಿಷಯವನ್ನು ಬರೆದೇ ಹಾಕಬೇಕು.

ಬರೆಯಲು ಬರುವವರಲ್ಲಿ ನನ್ನದು ಒಂದೇ ಬೇಡಿಕೆ. ದಿನಾಂಕ, ವಿಳಾಸ, ಫೋನ್ ನಂಬರ್, ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಎಂದೂ ಬಾಯಲ್ಲಿ ಕಳಿಸಬೇಡಿ. ‘ಸೊನ್ನೆ ಸೊನ್ನೆ, ಡಬಲ್ ಎಂಟು’ ಎಂಬುದನ್ನು ಕಾಗದಕ್ಕಿಳಿಸುವಾಗ ನಿಲ್ಲಿಸಿ, ಹಿಂದೆ ಎಳೆದು, ಮತ್ತೆ ಕೇಳಬೇಕಾಗುತ್ತದೆ. ಮಾತಾಡಲೇಬೇಕು ಎನಿಸಿದರೆ ಮೇಲೊಂದು ಸಾಲು ಬರೆಯಿರಿ: ವಿಷಯ ಏನು, ತುರ್ತಿದೆಯೇ, ಎಂದಿನೊಳಗೆ ಉತ್ತರ ಬೇಕು. ಆಮೇಲೆ ಹತ್ತು ನಿಮಿಷ ಮಾತಾಡಿದರೂ ನನ್ನದೇನೂ ತಕರಾರಿಲ್ಲ.

ತಮ್ಮನಿಗೆ ಇದನ್ನು ನೇರವಾಗಿಯೇ ಹೇಳಿದೆ. ಮೊದಲು ಮುಖ ಗಂಟಿಕ್ಕಿದ. ಕಳೆದ ತಿಂಗಳು ಮಗುವಿನ ನಾಮಕರಣಕ್ಕೆ ಕರೆಯುವಾಗ ದಿನ, ಸಮಯ, ಸ್ಥಳ, ಬಸ್ ನಿಲ್ದಾಣದಿಂದ ಬರುವ ದಾರಿ ಎಲ್ಲವನ್ನೂ ನಾಲ್ಕು ಸಾಲಿನಲ್ಲಿ ಬರೆದು, ಅದರ ಕೆಳಗೆ ವಾಯ್ಸ್ ಮೆಸೇಜ್ ಹಾಕಿದ್ದ. ದೊಡ್ಡಪ್ಪ ಅದನ್ನು ಪೂರ್ತಿ ಕೇಳಿ, ಮಗುವಿಗೆ ಇಟ್ಟ ಹೆಸರಿನ ಬಗ್ಗೆ ತಮ್ಮದೂ ಒಂದು ಉದ್ದನೆಯ ವಾಯ್ಸ್ ಮೆಸೇಜ್ ಕಳಿಸಿದರು.