ಒಂದು ಕೋಣೆಗೆ ಸಾಲದ ಟೈಲ್ಸ್‌ಗೆ ಕೊಂಡ ಬೆಲೆ ಬರೆಯಬೇಡಿ

ಕಾಸರಗೋಡು, ಕುಂಬಳೆ, ಹೊಸಂಗಡಿ ಕಡೆಯ ಟೈಲ್ಸ್ ಅಂಗಡಿಗಳ ಲೆಕ್ಕ ಬರೆಯುವವನು ನಾನು. ಮಾರ್ಚ್ ಕೊನೆಯ ದಾಸ್ತಾನು ಪಟ್ಟಿ ಹಿಡಿದು ಕುಳಿತಾಗಲೆಲ್ಲ ಮಾಲಕರದು ಒಂದೇ ಮಾತು: "ಟೈಲ್ಸ್ ಕೊಳೆಯುವ ಮಾಲಲ್ಲ, ಇಂದಲ್ಲ ನಾಳೆ ಹೋಗುತ್ತದೆ. ಕೊಂಡ ಬೆಲೆಯಲ್ಲೇ ಬರೆಯಿರಿ." ಈ ಮಾತನ್ನು ನಾನು ಒಪ್ಪುವುದಿಲ್ಲ. ಟೈಲ್ಸ್ ಹಳೆಯದಾಗುವವರೆಗೆ ಕಾಯಬೇಕಾಗಿಲ್ಲ. ಒಂದು ಕೋಣೆಗೆ ಸಾಲದಷ್ಟು ಉಳಿದ ದಿನವೇ ಅದರ ಬೆಲೆ ಬಿದ್ದುಹೋಗುತ್ತದೆ.

ಒಂದು ಲೆಕ್ಕ ನೋಡಿ. ಗುಜರಾತಿನ ಮೋರ್ಬಿಯಿಂದ ಬಂದ ಎರಡಡಿ ಚೌಕದ ಟೈಲ್ಸ್, ಪೆಟ್ಟಿಗೆಗೆ ನಾಲ್ಕು, ಅಂದರೆ ಸುಮಾರು ಹದಿನೈದೂವರೆ ಚದರ ಅಡಿ. ಲಾರಿ ಬಾಡಿಗೆ ಸೇರಿ, ಜಿಎಸ್‌ಟಿ ಬಿಟ್ಟು, ಪೆಟ್ಟಿಗೆಗೆ 600 ರೂಪಾಯಿ ಬಿದ್ದಿದೆ ಎನ್ನೋಣ. 200 ಪೆಟ್ಟಿಗೆಯಲ್ಲಿ 18 ಉಳಿದಿವೆ, ಕಂಪನಿ ಆ ಡಿಸೈನ್ ನಿಲ್ಲಿಸಿದೆ. ಪಟ್ಟಿಯಲ್ಲಿ ಇದು 10,800 ರೂಪಾಯಿಯ ಮಾಲು.

ಗೋದಾಮಿಗೆ ಹೋಗಿ ಪೆಟ್ಟಿಗೆಯ ಬದಿಯಲ್ಲಿ ಒತ್ತಿರುವ ಶೇಡ್ ನಂಬರ್ ಓದಿದರೆ ಬೇರೆಯೇ ಕಥೆ. 11 ಪೆಟ್ಟಿಗೆ ಒಂದು ಶೇಡ್, 7 ಇನ್ನೊಂದು. ಬೇರೆ ಬೇರೆ ಸಲ ಸುಟ್ಟ ಟೈಲ್ಸ್‌ನ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಕೈಯಲ್ಲಿ ಹಿಡಿದಾಗ ಗೊತ್ತಾಗುವುದಿಲ್ಲ; ನೆಲಕ್ಕೆ ಹಾಸಿ ಕಿಟಕಿಯ ಬೆಳಕು ಬಿದ್ದಾಗ ಗೆರೆ ಎಳೆದಂತೆ ಕಾಣುತ್ತದೆ. ಹಾಗಾಗಿ ಎರಡನ್ನೂ ಕೂಡಿಸಿ ಮಾರಲಾಗದು. 12 ಅಡಿ ಚೌಕದ ಕೋಣೆಗೆ ತುಂಡು, ಒಡಕು ಸೇರಿ 158 ಚದರ ಅಡಿ ಬೇಕು. 11 ಪೆಟ್ಟಿಗೆ ಹೇಗೋ ಸಾಕಾಗುತ್ತದೆ, 7 ಪೆಟ್ಟಿಗೆ ಬಚ್ಚಲಿಗೋ ಹಿತ್ತಿಲ ಜಗಲಿಗೋ ಮಾತ್ರ.

ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಾಟದ ಖರ್ಚು ಕಳೆದು ಕೈಗೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯದಕ್ಕೆ ಬರೆಯಬೇಕೆಂಬುದು ಲೆಕ್ಕಪತ್ರದ ನಿಯಮ. 11 ಪೆಟ್ಟಿಗೆ ತಲಾ 450ಕ್ಕೆ ಹೋದೀತು, ಹೊರೆ-ಸಾಗಾಟಕ್ಕೆ 30 ಕಳೆದರೆ 420. ಉಳಿದ 7 ಪೆಟ್ಟಿಗೆಗೆ ತಲಾ 250 ಸಿಕ್ಕೀತು, ಕಳೆದು 220. ಒಟ್ಟು 6,160 ರೂಪಾಯಿ. ಉಳಿದ 4,640 ಈ ವರ್ಷದ ನಷ್ಟ. ಇದನ್ನು ಮಾಲುವಾರು ಬರೆಯಬೇಕು. ಇಡೀ ದಾಸ್ತಾನಿನ ಮೇಲೆ ಶೇಕಡಾ 10 ಎಂದು ಸಗಟಾಗಿ ಇಳಿಸಿದರೆ ಆದಾಯ ತೆರಿಗೆಯವರು ಕೇಳಿದಾಗ ಉತ್ತರ ಇರುವುದಿಲ್ಲ. ಅದೇ ಡಿಸೈನ್ ಏಪ್ರಿಲ್, ಮೇ ತಿಂಗಳಲ್ಲಿ ಕಡಿಮೆಗೆ ಮಾರಿದ ಬಿಲ್ ಇದ್ದರೆ ಅದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಈ ಏಳು ಪೆಟ್ಟಿಗೆಯ ವಿಷಯದಲ್ಲಿ ಕೆಲವರು ರೋಸಿಹೋಗಿ "ಒಡೆದು ತಗ್ಗಿಗೆ ಹಾಕಿಬಿಡಿ, ಜಾಗವಾದರೂ ಆಗಲಿ" ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಳ್ಳುವಾಗ ಪೆಟ್ಟಿಗೆಗೆ ಶೇಕಡಾ 18ರಂತೆ 108 ರೂಪಾಯಿ ಜಿಎಸ್‌ಟಿ ಕೊಟ್ಟು ಇನ್‌ಪುಟ್ ಕ್ರೆಡಿಟ್ ಪಡೆದಿರುತ್ತೀರಿ. ಜಿಎಸ್‌ಟಿ ಕಾಯ್ದೆಯ 17(5)(h) ಪ್ರಕಾರ ನಾಶ ಮಾಡಿದ, ಲೆಕ್ಕದಿಂದ ತೆಗೆದುಹಾಕಿದ ಅಥವಾ ಉಡುಗೊರೆ ಕೊಟ್ಟ ಮಾಲಿಗೆ ಆ ಕ್ರೆಡಿಟ್ ಇಲ್ಲ, ಹಿಂದಿರುಗಿಸಬೇಕು. ನಷ್ಟಕ್ಕೇ ಆದರೂ ಬಿಲ್ ಹಾಕಿ ಮಾರಿದರೆ ಕ್ರೆಡಿಟ್ ಉಳಿಯುತ್ತದೆ. ದೇವಸ್ಥಾನಕ್ಕೋ ಶಾಲೆಗೋ ಪುಕ್ಕಟೆ ಕೊಡುವ ಮನಸ್ಸಿದ್ದರೂ ಈ 108 ರೂಪಾಯಿ ನೆನಪಿರಲಿ.

ಕೊಳ್ಳುವವರು ಸಿಗುವುದು ಎಲ್ಲಿ? ತಯಾರಕರಿಗೆ ಹಿಂದೆ ಕಳಿಸುವ ಯೋಚನೆ ಬಿಡಿ, ಮೋರ್ಬಿಯವರೆಗಿನ ಬಾಡಿಗೆಯೇ ಮಾಲನ್ನು ತಿನ್ನುತ್ತದೆ. ಶೋರೂಮಿನಲ್ಲಿ ರಿಯಾಯಿತಿ ಫಲಕ ಹಾಕುವುದೂ ನನಗೆ ಸರಿಕಾಣದು. ಹೊಸ ಮನೆಯವರು ಬೇರೆ ಟೈಲ್ಸ್‌ಗೂ ಅದೇ ದರ ಕೇಳುತ್ತಾರೆ. ಬಾಡಿಗೆ ಕೋಣೆ, ಶೌಚಾಲಯ, ಹಟ್ಟಿಯ ಕೆಲಸ ಹಿಡಿಯುವ ಗುತ್ತಿಗೆದಾರರು ಮತ್ತು ಟೈಲ್ಸ್ ಹಾಸುವ ಮೇಸ್ತ್ರಿಗಳಿಗೆ ಫೋಟೊ, ಚದರ ಅಡಿ, ಬೆಲೆ ಕಳಿಸಿ. ವಿಟ್ಲ, ಪುತ್ತೂರಿನವರೂ ಕೊಳ್ಳುತ್ತಾರೆ. ಆದರೆ ಅದು ಹೊರರಾಜ್ಯದ ಮಾರಾಟ, ಐಜಿಎಸ್‌ಟಿ ಬಿಲ್ ಆಗಬೇಕು. ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿರುವ ಅಂಗಡಿಯವರು ತಲಪಾಡಿ ದಾಟಿಸಿ ಮಾರುವಂತೆಯೇ ಇಲ್ಲ.

ಮತ್ತೆ ತುಂಬದಂತೆ ನೋಡಿಕೊಳ್ಳುವುದು ಹೇಗೆ? ನಾನು ಕಂಡಂತೆ ಚಿಲ್ಲರೆ ಮಾಲು ರಾಶಿಯಾಗುವುದು ವಾಪಸಾತಿಯಿಂದ. ಮನೆ ಕೆಲಸ ಮುಗಿದು ತಿಂಗಳುಗಟ್ಟಲೆ ಆದ ಮೇಲೆ ಗಿರಾಕಿ ಮೂರು ಪೆಟ್ಟಿಗೆ ತಂದು ಇಡುತ್ತಾರೆ, ಅಷ್ಟರಲ್ಲಿ ಅಂಗಡಿಯಲ್ಲಿರುವುದು ಬೇರೆ ಶೇಡ್. ಹಳೆಯ ಪರಿಚಯ ಎಂದು ಬೇಡವೆನ್ನಲಾಗುವುದಿಲ್ಲ. ಬಿಲ್ಲಿನಲ್ಲೇ ಅಚ್ಚು ಹಾಕಿಸಿ: ತೆರೆಯದ ಪೆಟ್ಟಿಗೆ, 30 ದಿನದೊಳಗೆ, ಅದೇ ಶೇಡ್ ಅಂಗಡಿಯಲ್ಲಿದ್ದರೆ ಮಾತ್ರ. ಟ್ಯಾಲಿಯಲ್ಲಿ ಬ್ಯಾಚ್ ತೆರೆದು ಶೇಡ್‌ವಾರು ದಾಸ್ತಾನು ನಮೂದಿಸಿ. ಯಾವುದೇ ಶೇಡ್ 20 ಪೆಟ್ಟಿಗೆಗೆ ಇಳಿದ ದಿನ ಮೇಸ್ತ್ರಿಗಳಿಗೆ ಫೋಟೊ ಹೋಗಲಿ. ಆಗ ಇನ್ನೂ ಒಂದು ಕೋಣೆಯ ಮಾಲು ಕೈಯಲ್ಲಿರುತ್ತದೆ, 550 ಕೇಳಿದರೂ ಸಿಗುತ್ತದೆ.