ಊದುವ ಪರೀಕ್ಷೆಗೆ ಕಾಣದ ಕಿರುನಾಳಗಳು

ಮೊನ್ನೆ ಉಡುಪಿಯ ಒಂದು ಉಚಿತ ತಪಾಸಣಾ ಶಿಬಿರದಲ್ಲಿ ಕಂಡದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮಲ್ಪೆಯಲ್ಲಿ ದೋಣಿ ಕೆಲಸ ಮಾಡುವ, ಐವತ್ತು ದಾಟಿದ ಒಬ್ಬರು ಸ್ಪೈರೊಮೆಟ್ರಿ ಯಂತ್ರಕ್ಕೆ ಊದಿದರು. ಫಲಿತಾಂಶ ನಾರ್ಮಲ್ ಬಂತು. "ಎಷ್ಟು ವರ್ಷದಿಂದ ಬೀಡಿ ಸೇದುವುದು ಸಾರ್, ಶ್ವಾಸಕೋಶಕ್ಕೆ ಎಂತದೂ ಆಗಿಲ್ಲವಂತೆ" ಎಂದು ನನಗೆ ಹೇಳಿ, ಗೇಟಿನ ಹೊರಗೆ ನಿಂತು ಬೀಡಿ ಹಚ್ಚಿದರು. ನನ್ನ ಸಿಟ್ಟು ಅವರ ಮೇಲಲ್ಲ, "ಎಂತದೂ ಆಗಿಲ್ಲ" ಎಂದು ಅವರಿಗೆ ಹೇಳಿ ಕಳುಹಿಸಿದವರ ಮೇಲೆ.

ಶರೀರಕ್ರಿಯಾಶಾಸ್ತ್ರ ಕಲಿಸಿಯೇ ನನ್ನ ತಲೆ ನರೆತದ್ದೆಂಬುದು ನಿಮಗೆ ಗೊತ್ತು. ಆ ಯಂತ್ರ ಅಳೆಯುವುದು ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ, ಒಟ್ಟು ಎಷ್ಟು ಬರುತ್ತದೆ ಎಂಬುದನ್ನು. ಎರಡು ಮಿಲಿಮೀಟರಿಗಿಂತ ಸಪೂರವಾದ ನಾಳಗಳು ಅಸಂಖ್ಯವಾಗಿರುವುದರಿಂದ, ಗಾಳಿಯ ಹರಿವಿಗೆ ಆಗುವ ಒಟ್ಟು ತಡೆಯಲ್ಲಿ ಅವುಗಳ ಪಾಲು ಸುಮಾರು ಶೇಕಡಾ 10ರಿಂದ 20 ಮಾತ್ರ. ಅವುಗಳಲ್ಲಿ ಎಷ್ಟೋ ಹಾಳಾದರೂ ಊದುವ ಪರೀಕ್ಷೆ ನಾರ್ಮಲ್ ಎಂದೇ ತೋರಿಸಬಹುದು. ಬೀಡಿ ಮೊದಲು ಕೈಯಿಡುವುದೂ ಅಲ್ಲಿಗೇ.

ಈ ಕಿರುನಾಳಗಳಿಗೆ ಮೃದ್ವಸ್ಥಿಯ ಆಧಾರವಿಲ್ಲ. ಮೇಳದ ಡೇರೆಯನ್ನು ಸುತ್ತಲಿನ ಹಗ್ಗಗಳು ಬಿಗಿದು ನಿಲ್ಲಿಸುವಂತೆ, ಸುತ್ತಲಿನ ಗಾಳಿಚೀಲಗಳ ಗೋಡೆಗಳು ಎಳೆದು ಹಿಡಿಯುವುದರಿಂದಲೇ ಅವು ತೆರೆದಿರುತ್ತವೆ. ಶ್ವಾಸಕೋಶ ಹಿಗ್ಗಿದಾಗ ಈ ಎಳೆತ ಹೆಚ್ಚು, ಕುಗ್ಗಿದಾಗ ಕಡಿಮೆ. ನಾವು ಕುಳಿತಾಗ ಅಥವಾ ನಿಂತಾಗ ಶ್ವಾಸಕೋಶದ ಸ್ವಂತ ಭಾರದಿಂದ ಅದರ ಮೇಲಿನ ತುದಿ ಹೆಚ್ಚು ಹಿಗ್ಗಿರುತ್ತದೆ, ಬುಡ ಕಡಿಮೆ ಹಿಗ್ಗಿರುತ್ತದೆ. ಆದ್ದರಿಂದ ಉಸಿರನ್ನು ಪೂರ್ತಿ ಹೊರಬಿಡುತ್ತಾ ಹೋದರೆ ಮೊದಲು ಮುಚ್ಚಿಕೊಳ್ಳುವುದು ಬುಡದ ನಾಳಗಳು. ಅವು ಮುಚ್ಚಲಾರಂಭಿಸಿದ ಮೇಲೂ ಹೊರಬರುವ ಗಾಳಿಯ ಪ್ರಮಾಣವೇ ಕ್ಲೋಸಿಂಗ್ ವಾಲ್ಯೂಮ್.

ಅದನ್ನು ಅಳೆಯುವ ಬಗೆ ನನಗೆ ಇಂದಿಗೂ ಬಹಳ ಇಷ್ಟ. ಉಸಿರನ್ನು ಪೂರ್ತಿ ಹೊರಹಾಕಿ, ಬಳಿಕ ಒಂದೇ ಉಸಿರಿನಲ್ಲಿ ಶುದ್ಧ ಆಮ್ಲಜನಕವನ್ನು ತುಂಬಿಕೊಂಡು, ನಿಧಾನವಾಗಿ ಬಿಡಬೇಕು. ಖಾಲಿಯಾಗಿದ್ದ ಬುಡದ ಚೀಲಗಳು ಹೆಚ್ಚು ಹಿಗ್ಗುವುದರಿಂದ ಆಮ್ಲಜನಕದ ದೊಡ್ಡ ಪಾಲು ಅಲ್ಲಿಗೆ ಹೋಗುತ್ತದೆ, ತುದಿಯ ಚೀಲಗಳಲ್ಲಿ ಹಳೆಯ ಸಾರಜನಕವೇ ಹೆಚ್ಚು ಉಳಿದಿರುತ್ತದೆ. ಹೊರಬರುವ ಗಾಳಿಯಲ್ಲಿ ಸಾರಜನಕದ ಮಟ್ಟ ಬಹುಕಾಲ ಹೆಚ್ಚುಕಡಿಮೆ ಸಮವಾಗಿದ್ದು, ಕೊನೆಯಲ್ಲಿ ತಟ್ಟನೆ ಏರುತ್ತದೆ. ಬುಡದ ನಾಳಗಳು ಮುಚ್ಚತೊಡಗಿ, ಇನ್ನು ಬರುವ ಗಾಳಿಯೆಲ್ಲ ತುದಿಯದಾಗುತ್ತಿದೆ ಎಂಬುದಕ್ಕೆ ಆ ಏರಿಕೆಯೇ ಸಾಕ್ಷಿ.

ಆರೋಗ್ಯವಂತ ಯುವಕನಲ್ಲಿ ಕ್ಲೋಸಿಂಗ್ ವಾಲ್ಯೂಮ್, ಪೂರ್ತಿ ಉಸಿರೆಳೆದು ಹೊರಬಿಡಬಹುದಾದ ಒಟ್ಟು ಗಾಳಿಯ ಸುಮಾರು ಶೇಕಡಾ 10. ವಯಸ್ಸಾದಂತೆ ಶ್ವಾಸಕೋಶದ ಸ್ಥಿತಿಸ್ಥಾಪಕತ್ವ ತಗ್ಗಿ ಎಳೆತ ಸಡಿಲಗೊಳ್ಳುವುದರಿಂದ ಅರವತ್ತೈದರ ಹೊತ್ತಿಗೆ ಅದು ಶೇಕಡಾ 40ರ ಸಮೀಪಕ್ಕೆ ಬರಬಹುದು. ಹೊಗೆ ಸೇದುವವರಲ್ಲಿ ನಾಳದ ಗೋಡೆ ಊದಿಕೊಳ್ಳುತ್ತದೆ, ಒಳಗೆ ಕಫ ಸೇರುತ್ತದೆ, ಸುತ್ತಲಿನ ಗೋಡೆಗಳೂ ಕ್ರಮೇಣ ನಾಶವಾಗುತ್ತವೆ. ಹೀಗಾಗಿ ಮುಚ್ಚಿಕೊಳ್ಳುವ ಹಂತ ಅವರಿಗೆ ಬೇಗ ಬರುತ್ತದೆ.

ಇದರಿಂದ ಆಗುವುದೇನೆಂದು ಒಂದು ಲೆಕ್ಕದಿಂದ ನೋಡೋಣ. ಐವತ್ತರ ಒಬ್ಬ ಧೂಮಪಾನಿಯ ಬುಡದ ನಾಳಗಳು, ಶ್ವಾಸಕೋಶದಲ್ಲಿ 2.6 ಲೀಟರ್ ಗಾಳಿ ಉಳಿದಾಗಲೇ ಮುಚ್ಚಲಾರಂಭಿಸುತ್ತವೆ ಎನ್ನೋಣ. ಕುಳಿತಾಗ ಸಹಜ ಉಸಿರಿನ ಕೊನೆಯಲ್ಲಿ ಉಳಿಯುವ ಗಾಳಿ 2.9 ಲೀಟರ್ ಇದ್ದರೆ ತೊಂದರೆಯಿಲ್ಲ. ಅಂಗಾತ ಮಲಗಿದರೆ ಹೊಟ್ಟೆಯ ಅಂಗಗಳು ವಪೆಯನ್ನು ಮೇಲಕ್ಕೆ ತಳ್ಳಿ ಅದು 2.2ಕ್ಕೆ ಇಳಿಯುತ್ತದೆ, ಮುಚ್ಚುವ ಹಂತ ಮಾತ್ರ ಇದ್ದಲ್ಲೇ ಇರುತ್ತದೆ. ಅರ್ಧ ಲೀಟರಿನ ಉಸಿರು ಒಳಬಂದಾಗ 2.7 ಆಗುತ್ತದೆ. ಅಂದರೆ, ಈಗ ಕೆಳಬದಿಯಾದ ಬೆನ್ನಿನ ಕಡೆಯ ನಾಳಗಳು ಪ್ರತಿ ಉಸಿರಿನ ತುತ್ತತುದಿಯಲ್ಲಿ ಮಾತ್ರ ತೆರೆಯುತ್ತವೆ. ಅಲ್ಲಿ ಹರಿಯುವ ರಕ್ತಕ್ಕೆ ಸಾಕಷ್ಟು ಆಮ್ಲಜನಕ ಸಿಗದು. ಅರಿವಳಿಕೆ ಕೊಟ್ಟಾಗ ಉಳಿಯುವ ಗಾಳಿ ಇನ್ನಷ್ಟು ತಗ್ಗುತ್ತದೆ. ಊದುವ ಪರೀಕ್ಷೆಯಲ್ಲಿ ನಾರ್ಮಲ್ ಎನಿಸಿಕೊಂಡವರಿಗೂ ಹರ್ನಿಯಾದ ಶಸ್ತ್ರಕ್ರಿಯೆಯ ಹೊತ್ತಿಗೆ ಆಮ್ಲಜನಕ ಇಳಿಯುವುದಕ್ಕೆ ಇದು ಒಂದು ಕಾರಣ.

ಸಹೋದ್ಯೋಗಿಯಾಗಿದ್ದ ವೈದ್ಯರೊಬ್ಬರು ನನ್ನ ಮಾತನ್ನು ಒಪ್ಪಲಿಲ್ಲ. "ಕ್ಲೋಸಿಂಗ್ ವಾಲ್ಯೂಮ್ ಹೆಚ್ಚಿದವರಿಗೆಲ್ಲ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬರುವುದಿಲ್ಲ, ಯಾರಿಗೆ ಬರುತ್ತದೆಂದು ಆ ಪರೀಕ್ಷೆ ಸರಿಯಾಗಿ ಹೇಳುವುದೂ ಇಲ್ಲ, ಆದ್ದರಿಂದಲೇ ಅದು ಮೂಲೆ ಸೇರಿತು" ಎಂದರು. ಅದು ನಿಜ. ರೋಗ ಬಲಿತವರಲ್ಲಂತೂ ಸಾರಜನಕದ ಗೆರೆ ಮೊದಲಿನಿಂದಲೇ ಕಡಿದಾಗಿ ಏರುವುದರಿಂದ ಕೊನೆಯ ತಿರುವನ್ನು ಗುರುತಿಸುವುದೇ ಕಷ್ಟ. ಆದರೆ ಶಿಬಿರದಲ್ಲಿ ಆ ಪರೀಕ್ಷೆ ಮಾಡಿ ಎಂದು ನಾನು ಕೇಳಿಲ್ಲ. ಕಾಣಲಾರದ ಜಾಗದ ಬಗ್ಗೆ "ಎಂತದೂ ಇಲ್ಲ" ಎಂದು ತೀರ್ಪು ಕೊಡಬೇಡಿ ಎನ್ನುತ್ತಿದ್ದೇನೆ.

ನನ್ನ ಅಣ್ಣನಿಗೂ ಹೀಗೆಯೇ ಹೇಳಿ ಕಳುಹಿಸಿದ್ದರು. ಆ ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ಬಿಡು ಎಂದವರಿಗೆಲ್ಲ ತೋರಿಸುತ್ತಿದ್ದ. ಅವನಿಲ್ಲದ ಮನೆಯಲ್ಲಿ ಕುಳಿತು ಬರೆಯುತ್ತಿರುವುದರಿಂದ ನನ್ನ ದನಿ ಏರಿದ್ದರೆ ಏರಲಿ.

ವಯಸ್ಸಿನಿಂದ ಸಡಿಲಗೊಂಡದ್ದು ಮತ್ತೆ ಬಿಗಿಯಾಗದು. ಆದರೆ ಧೂಮಪಾನ ಬಿಟ್ಟವರಲ್ಲಿ ಕೆಲವೇ ತಿಂಗಳೊಳಗೆ ಇದೇ ಸಾರಜನಕದ ಪರೀಕ್ಷೆಯ ಫಲಿತಾಂಶ ಸುಧಾರಿಸಿದ್ದು ದಾಖಲಾಗಿದೆ. ಊತ ಮತ್ತು ಕಫದ ಪಾಲು ಇಳಿಯಬಲ್ಲದು. ಗೋಡೆಗಳೇ ನಾಶವಾದ ಮೇಲೆ ಬಿಟ್ಟರೆ ಹೋದದ್ದು ಮರಳುವುದಿಲ್ಲ. ಹಾಗಾಗಿ ಫಲಿತಾಂಶ ನಾರ್ಮಲ್ ಬಂದ ಆ ದಿನವೇ ಅವರಿಗೆ ಬೀಡಿ ಬಿಡಲು ಹೇಳಬೇಕಿತ್ತು.